ಎರಡು ಕಾಲಂ, ಒಂದೇ ಫುಟಿಂಗ್: ಉದ್ದ 5.1 ಮೀಟರೇ ಏಕೆ?

ಸೈಟಿನ ಗಡಿಗೆ ಒತ್ತಿ ಒಂದು ಕಾಲಂ ಬರಬೇಕು ಎಂದು ನಕ್ಷೆಯಲ್ಲಿ ಗೆರೆ ಬಿದ್ದ ದಿನವೇ ಪಾಯದ ತಲೆನೋವು ಶುರು. ಕಾಲಂ ಏನೋ ನಮ್ಮ ಜಾಗದಲ್ಲೇ ನಿಂತಿದೆ. ಆದರೆ ಅದರ ಫುಟಿಂಗ್ ನಾಲ್ಕೂ ಕಡೆ ಹರಡಿಕೊಳ್ಳಬೇಕಲ್ಲ, ಒಂದು ಕಡೆಯ ಹರಹು ಪಕ್ಕದವರ ಸೈಟಿಗೆ ಹೋಗುತ್ತದೆ. ಹಾಗೆ ಹೋಗುವಂತಿಲ್ಲ.

ಹಾಗಾದರೆ ಫುಟಿಂಗನ್ನು ಪೂರ್ತಿ ನಮ್ಮ ಕಡೆಗೇ ಸರಿಸಿ, ಕಾಲಂ ಅದರ ಅಂಚಿನಲ್ಲಿ ಕೂರಲಿ ಎಂದು ಕೆಲವರು ಹೇಳುವುದುಂಟು. ಇದು ಎಷ್ಟು ಕೆಡುತ್ತದೆ ಎಂಬುದನ್ನು ಒಂದು ಲೆಕ್ಕದಲ್ಲೇ ನೋಡಬಹುದು. ಕಾಲಂ 300 ಮಿಲಿಮೀಟರ್ ಚೌಕ, ಮೇಲಿನಿಂದ ಬರುವ ಭಾರ 500 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ 50 ಟನ್. ಮಣ್ಣು ತಡೆಯುವುದು ಚದರ ಮೀಟರಿಗೆ 150 ಕಿಲೋನ್ಯೂಟನ್. ಫುಟಿಂಗಿನ ತೂಕಕ್ಕೆ ನೂರಕ್ಕೆ ಹತ್ತು ಸೇರಿಸಿದರೂ ಸುಮಾರು 1.92 ಮೀಟರ್ ಚೌಕದ ಫುಟಿಂಗ್ ಸಾಕು. ಅದರ ನಡು ಅಂಚಿನಿಂದ 0.96 ಮೀಟರ್ ಒಳಗಿದೆ, ಕಾಲಂನ ನಡು ಬರೀ 0.15 ಮೀಟರ್ ಒಳಗಿದೆ. ಭಾರ ನಡುವಿನಿಂದ 0.81 ಮೀಟರ್ ಪಕ್ಕಕ್ಕೆ ಬಿತ್ತು. ಹೀಗೆ ಬಿದ್ದರೆ ಫುಟಿಂಗ್ ತಿರುಗಲು ನೋಡುತ್ತದೆ, ಒಳಗಿನ ಭಾಗ ಮಣ್ಣಿನಿಂದ ಏಳುತ್ತದೆ, ಮಣ್ಣಿಗೆ ತಾಗಿಕೊಂಡು ಉಳಿಯುವುದು ಗಡಿಯ ಕಡೆಯ 0.45 ಮೀಟರ್ ಪಟ್ಟಿ ಮಾತ್ರ. ಅಂಚಿನಲ್ಲಿ ಒತ್ತಡ ಚದರ ಮೀಟರಿಗೆ 1,150 ಕಿಲೋನ್ಯೂಟನ್ ದಾಟುತ್ತದೆ. ಮಣ್ಣು ತಡೆಯುವುದಕ್ಕಿಂತ ಏಳು ಪಟ್ಟು ಹೆಚ್ಚು. ಫುಟಿಂಗಿನ ಸ್ವಂತ ತೂಕವೂ ಮೇಲಿನ ತೊಲೆಗಳೂ ಕಾಲಂ ತಿರುಗದಂತೆ ಸ್ವಲ್ಪ ಹಿಡಿದುಕೊಳ್ಳುತ್ತವೆ ನಿಜ, ಆದರೆ ಅದನ್ನು ನಂಬಿಕೊಂಡು ಪಾಯ ಹಾಕುವ ಹಾಗಿಲ್ಲ.

ಇದಕ್ಕೆ ಇರುವ ದಾರಿಗಳಲ್ಲೊಂದು ಕಂಬೈಂಡ್ ಫುಟಿಂಗ್. ಗಡಿಯ ಕಾಲಂ ಜೊತೆಗೆ ಅದರ ಒಳಗಿನ ಪಕ್ಕದ ಕಾಲಂ ಅನ್ನೂ ಒಂದೇ ಉದ್ದನೆಯ ಫುಟಿಂಗಿನ ಮೇಲೆ ಕೂರಿಸುವುದು. ಎರಡು ಭಾರ ಸೇರಿ ಒಂದೇ ಭಾರವಾದಾಗ ಅದು ಎಲ್ಲಿ ಬೀಳುತ್ತದೋ, ಫುಟಿಂಗಿನ ನಡು ಸರಿಯಾಗಿ ಅಲ್ಲಿಗೇ ಬರಬೇಕು. ಆಗ ಫುಟಿಂಗ್ ಯಾವ ಕಡೆಗೂ ವಾಲದೆ, ಕೆಳಗಿನ ಮಣ್ಣಿನ ಮೇಲೆ ಒತ್ತಡ ಎಲ್ಲೆಡೆ ಒಂದೇ ಸಮನಾಗಿ ಇರುತ್ತದೆ.

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ಗಡಿಯ ಕಾಲಂಗೆ ಎ ಎನ್ನೋಣ, 300 ಮಿಲಿಮೀಟರ್ ಚೌಕ, ಭಾರ 500 ಕಿಲೋನ್ಯೂಟನ್. ಒಳಗಿನದು ಬಿ, 400 ಮಿಲಿಮೀಟರ್ ಚೌಕ, ಭಾರ 750 ಕಿಲೋನ್ಯೂಟನ್. ಎರಡರ ನಡುವಿನಿಂದ ನಡುವಿಗೆ 4 ಮೀಟರ್. ಎ ಕಾಲಂನ ಹೊರಮೈಗೂ ಗಡಿಗೂ ಒಂದೇ ಗೆರೆ.

ಎರಡೂ ಭಾರ ಸೇರಿ 1,250 ಕಿಲೋನ್ಯೂಟನ್. ಇದು ಎಲ್ಲಿ ಬೀಳುತ್ತದೆ? ಎ ಕಾಲಂನ ನಡುವನ್ನು ಹಿಡಿದು ಮೊಮೆಂಟ್ ತೆಗೆದರೆ ಎ ಭಾರದ ಪಾಲು ಸೊನ್ನೆ, ಬಿ ಭಾರದ್ದು ಮಾತ್ರ ಉಳಿಯುತ್ತದೆ:

```
x' = (750 × 4) / 1250 = 2.40 m
x  = 2.40 + 0.15      = 2.55 m
L  = 2 × 2.55         = 5.10 m
```

ಮೊದಲ ಸಾಲು ಎ ನಡುವಿನಿಂದ ದೂರ. ಎರಡನೆಯದು ಗಡಿಯ ಗೆರೆಯಿಂದ ದೂರ. ಮೂರನೆಯದರಲ್ಲಿ ಇಡೀ ಕತೆ ಇದೆ: ಫುಟಿಂಗಿನ ಎಡ ಅಂಚು ಗಡಿಯಲ್ಲಿ ಅಲ್ಲಾಡದೆ ನಿಂತಿದೆ, ಅದರ ನಡು 2.55ರಲ್ಲಿ ಇರಬೇಕು, ಹಾಗಾಗಿ ಬಲ ಅಂಚು 5.1ರಲ್ಲೇ ಇರಬೇಕು. ಇಲ್ಲಿ ಮಣ್ಣಿನ ಬಲ ಎಷ್ಟು ಎಂಬ ಪ್ರಶ್ನೆಯೇ ಬರಲಿಲ್ಲ ನೋಡಿ. ಉದ್ದವನ್ನು ತೀರ್ಮಾನಿಸುವುದು ಭಾರಗಳ ಅನುಪಾತ ಮತ್ತು ಗಡಿ. ಮಣ್ಣಿನ ಬಲ ತೀರ್ಮಾನಿಸುವುದು ಅಗಲವನ್ನು ಮಾತ್ರ. ಬಿ ಕಾಲಂನ ನಡು ಎಡ ಅಂಚಿನಿಂದ 4.15 ಮೀಟರ್ ದೂರದಲ್ಲಿರುವುದರಿಂದ ಅದರ ಆಚೆಗೆ ಫುಟಿಂಗ್ 0.95 ಮೀಟರ್ ಚಾಚಿಕೊಳ್ಳುತ್ತದೆ.

ಅಗಲಕ್ಕೆ ಫುಟಿಂಗಿನ ತೂಕ ಎಂದು ನೂರಕ್ಕೆ ಹತ್ತು ಸೇರಿಸಿದರೆ 1,375 ಕಿಲೋನ್ಯೂಟನ್, ಅದನ್ನು 150ರಿಂದ ಭಾಗಿಸಿದರೆ 9.17 ಚದರ ಮೀಟರ್, 5.1ರಿಂದ ಮತ್ತೆ ಭಾಗಿಸಿದರೆ 1.8 ಮೀಟರ್ ಅಗಲ. ನಾನು ಇಲ್ಲಿ 150 ಎಂಬುದನ್ನು ಮಣ್ಣಿನ ವರದಿಯಲ್ಲಿ ಬರುವ ನೆಟ್ ಬೆಲೆ ಎಂದು ತೆಗೆದುಕೊಂಡಿದ್ದೇನೆ. ಹಾಗಿದ್ದಾಗ ಲೆಕ್ಕಕ್ಕೆ ಬರುವುದು ಅಗೆದು ತೆಗೆದ ಮಣ್ಣಿಗಿಂತ ಕಾಂಕ್ರೀಟ್ ಎಷ್ಟು ಹೆಚ್ಚು ಭಾರ ಎಂಬುದಷ್ಟೇ, ಅದಕ್ಕೆ ನೂರಕ್ಕೆ ಹತ್ತು ಧಾರಾಳವಾಯಿತು. ವರದಿಯಲ್ಲಿ ಗ್ರಾಸ್ ಬೆಲೆ ಕೊಟ್ಟಿದ್ದರೆ ದಪ್ಪನೆಯ ಫುಟಿಂಗಿಗೆ ಈ ಹತ್ತು ಸಾಲದೇ ಹೋಗಬಹುದು. ಕೊನೆಗೆ ದಪ್ಪ ಗೊತ್ತಾದ ಮೇಲೆ ಒಮ್ಮೆ ತಿರುಗಿ ನೋಡಬೇಕು.

ಈಗ ಸೈಟಿನಲ್ಲಿ ಸಾಮಾನ್ಯವಾಗಿ ಬರುವ ಎರಡು ಮಾತುಗಳು. ಒಂದು, "ಸಾರ್, ಆ ಕಡೆ ಸಂಪ್ ಬರುತ್ತೆ, ಒಂದಡಿ ಕಡಿಮೆ ಮಾಡೋಣ್ವಾ?" ಇನ್ನೊಂದು, "ಒಂದಡಿ ಜಾಸ್ತಿನೇ ಹಾಕಿಬಿಡೋಣ ಸಾರ್, ಗಟ್ಟಿ ಇರುತ್ತೆ." ಮೊದಲನೆಯದಕ್ಕೆ ಎಲ್ಲರೂ ಹುಬ್ಬು ಗಂಟಿಕ್ಕುತ್ತಾರೆ. ಎರಡನೆಯದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಎರಡನ್ನೂ ಲೆಕ್ಕ ಹಾಕಿ ನೋಡೋಣ. ಅಗಲ 1.8 ಮೀಟರ್ ಹಾಗೇ ಇರಲಿ, ಉದ್ದ ಮಾತ್ರ 300 ಮಿಲಿಮೀಟರ್ ಅತ್ತಿತ್ತ ಆಗಲಿ. ಫುಟಿಂಗಿನ ನಡು 150 ಮಿಲಿಮೀಟರ್ ಸರಿಯುತ್ತದೆ, ಭಾರ ಇದ್ದಲ್ಲೇ ಇರುತ್ತದೆ.

```
q = (P / A) × (1 ± 6e / L),  e = |L / 2 − 2.55| m

L = 4.8 m : q = 172, 118 kN/m²
L = 5.1 m : q = 136, 136 kN/m²
L = 5.4 m : q = 150, 107 kN/m²
```

ಕಡಿಮೆ ಮಾಡಿದಾಗ ಬಿ ಕಡೆಯ ಅಂಚಿನಲ್ಲಿ 172. ಅದು ನಿರೀಕ್ಷಿಸಿದ್ದೇ. ಹೆಚ್ಚು ಮಾಡಿದಾಗ ಸರಾಸರಿ ಒತ್ತಡ ಇಳಿಯಿತು ನಿಜ, ಆದರೆ ಗಡಿಯ ಅಂಚಿನಲ್ಲಿ 136 ಇದ್ದದ್ದು 150ಕ್ಕೆ ಏರಿ ಕುಳಿತಿತು. ಕಾಂಕ್ರೀಟಿನ ಹೆಚ್ಚುವರಿ ತೂಕ ಅದರ ಮೇಲೆ ಸೇರಿದರೆ ಮಿತಿ ದಾಟಿತು. ಹೆಚ್ಚು ಕಾಂಕ್ರೀಟ್ ಸುರಿದು ಒತ್ತಡ ಹೆಚ್ಚು ಮಾಡಿಕೊಂಡ ಹಾಗಾಯಿತು. ಎಡಕ್ಕೆ ಬೆಳೆಯಲಾಗದ ಫುಟಿಂಗನ್ನು ಬಲಕ್ಕೆ ಮಾತ್ರ ಬೆಳೆಸಿದರೆ ಅದು ಗಡಿಯ ಕಡೆಗೆ ವಾಲುತ್ತದೆ. ನಿಜಕ್ಕೂ ಗಟ್ಟಿ ಬೇಕಿದ್ದರೆ ಅಗಲ ಹೆಚ್ಚಿಸಬೇಕು, ಎರಡೂ ಪಕ್ಕಕ್ಕೆ ಸಮನಾಗಿ.

ಈ ಲೆಕ್ಕ ನಡೆಯುವುದು ಒಳಗಿನ ಕಾಲಂ ಭಾರವಾಗಿದ್ದಾಗ. ಭಾರಗಳನ್ನು ಅದಲುಬದಲು ಮಾಡಿ, ಗಡಿಯ ಕಾಲಂಗೆ 750, ಒಳಗಿನದಕ್ಕೆ 500 ಕೊಟ್ಟು ನೋಡಿ. ಒಟ್ಟು ಭಾರ ಗಡಿಯಿಂದ 1.75 ಮೀಟರಿಗೆ ಬರುತ್ತದೆ, ಉದ್ದ 3.5 ಮೀಟರ್ ಆಗುತ್ತದೆ. ಆದರೆ ಬಿ ಕಾಲಂ ನಿಂತಿರುವುದು 4.15ರಲ್ಲಿ, ಫುಟಿಂಗ್ ಅದನ್ನು ಮುಟ್ಟುವುದೇ ಇಲ್ಲ! ಆಗ ಆಯತ ಬಿಟ್ಟು ಗಡಿಯ ಕಡೆ ಅಗಲ, ಒಳಗೆ ಕಿರಿದಾದ ಟ್ರೆಪಿಜಾಯಿಡ್ ಆಕಾರಕ್ಕೋ, ಎರಡು ಫುಟಿಂಗ್ ಹಾಕಿ ನಡುವೆ ತೊಲೆ ಕಟ್ಟುವ ಸ್ಟ್ರಾಪ್ ಫುಟಿಂಗಿಗೋ ಹೋಗಬೇಕು.

ಇನ್ನೊಂದು ಎಚ್ಚರಿಕೆ ಸೇರಿಸುತ್ತೇನೆ. ಒತ್ತಡ ಒಂದೇ ಸಮ ಎನ್ನುವುದು ಈ 500 ಮತ್ತು 750 ಎಂಬ ಜೋಡಿಗೆ ಮಾತ್ರ ನಿಜ. ಇದರಲ್ಲಿ ಲೈವ್ ಲೋಡ್ ಸೇರಿದೆ. ಮನೆ ಖಾಲಿ ಇದ್ದಾಗ ಭಾರ 350 ಮತ್ತು 450 ಎಂದುಕೊಂಡರೆ ಒಟ್ಟು ಭಾರ 15 ಸೆಂಟಿಮೀಟರ್ ಗಡಿಯ ಕಡೆ ಸರಿಯುತ್ತದೆ. ಆಗ ಒಟ್ಟು ಭಾರವೇ ಕಡಿಮೆಯಾದ್ದರಿಂದ ಗಡಿಯ ಅಂಚಿನಲ್ಲಿ 103ರ ಆಸುಪಾಸು ಬಂದರೂ ತೊಂದರೆಯಿಲ್ಲ. ಆದರೆ ನಿಧಾನವಾಗಿ ಕುಸಿಯುವ ಜೇಡಿಮಣ್ಣಿನಲ್ಲಿ ಸದಾ ಇರುವ ಭಾರಕ್ಕೆ ನಡುವನ್ನು ಹೊಂದಿಸುವುದು ಜಾಣತನ. ಮಣ್ಣಿಗೆ ನೆನಪಿರುವುದು ವರ್ಷಗಟ್ಟಲೆ ಕೂತ ಭಾರ.

ಇನ್ನು ಶಿಯರ್ ಮತ್ತು ಮೊಮೆಂಟ್ ಚಿತ್ರ. ವಿದ್ಯಾರ್ಥಿಗಳು ಇಲ್ಲಿ ಎಡವುವುದಕ್ಕೆ ಕಾರಣ ಒಂದೇ, ಭಾರ ಕೆಳಗಿನಿಂದ ಮೇಲಕ್ಕೆ ಬರುವುದು. ನಕ್ಷೆಯ ಹಾಳೆಯನ್ನು ತಲೆಕೆಳಗು ಮಾಡಿ ಹಿಡಿದರೆ ಗೊಂದಲ ಹೋಗುತ್ತದೆ. ಈಗ ಫುಟಿಂಗ್ ಒಂದು ಸಾಮಾನ್ಯ ತೊಲೆ, ಕಾಲಂಗಳೆರಡು ಅದರ ಆಧಾರ, ಮಣ್ಣಿನ ಒತ್ತಡ ಮೇಲಿನಿಂದ ಹರಡಿಕೊಂಡ ಭಾರ. ಎರಡೂ ತುದಿಯಲ್ಲಿ ಸ್ವಲ್ಪ ಚಾಚಿಕೊಂಡಿದೆ, ಅಷ್ಟೆ.

ಕಂಬಿಯ ಲೆಕ್ಕಕ್ಕೆ ಭಾರವನ್ನು 1.5ರಿಂದ ಗುಣಿಸಿಕೊಳ್ಳುತ್ತೇವೆ. ಎ 750, ಬಿ 1,125, ಒಟ್ಟು 1,875 ಕಿಲೋನ್ಯೂಟನ್. ನಮ್ಮ ಕಾಂಕ್ರೀಟ್ ಕೋಡ್ IS 456 ಡೆಡ್, ಲೈವ್ ಎರಡಕ್ಕೂ ಒಂದೇ 1.5 ಕೊಟ್ಟಿರುವುದರಿಂದ ಅನುಪಾತ ಬದಲಾಗುವುದಿಲ್ಲ, ಒಟ್ಟು ಭಾರ 2.55ರಲ್ಲೇ ಉಳಿಯುತ್ತದೆ. ಡೆಡ್ ಲೋಡಿಗೆ 1.2, ಲೈವ್ ಲೋಡಿಗೆ 1.6 ಹಾಕುವ ಅಮೆರಿಕದ ಪದ್ಧತಿಯಲ್ಲಿ ಇದು ಸರಿಯಬಹುದು. ಫುಟಿಂಗಿನ ಸ್ವಂತ ತೂಕವನ್ನು ಇಲ್ಲಿ ಸೇರಿಸುವುದಿಲ್ಲ. ಅದು ಇದ್ದಲ್ಲೇ ಕೆಳಗೆ ಒತ್ತುತ್ತದೆ, ಮಣ್ಣು ಅಲ್ಲೇ ಮೇಲಕ್ಕೆ ಒತ್ತುತ್ತದೆ, ಬಾಗುವಿಕೆ ಹುಟ್ಟುವುದಿಲ್ಲ.

1,875ನ್ನು 5.1 ಮೀಟರಿಗೆ ಹಂಚಿದರೆ ಪ್ರತಿ ಮೀಟರ್ ಉದ್ದಕ್ಕೆ 367.65 ಕಿಲೋನ್ಯೂಟನ್. ಗ್ರಾಫ್ ಹಾಳೆಯಲ್ಲಿ ಎಡ ಅಂಚಿನಿಂದ ಹೊರಡೋಣ. ಶಿಯರ್ ಸೊನ್ನೆಯಿಂದ ಶುರುವಾಗಿ ಮೀಟರಿಗೆ 367.65ರಂತೆ ಏರುತ್ತದೆ. ಎ ನಡುವಿಗೆ ಬರುವಷ್ಟರಲ್ಲಿ 55. ಅಲ್ಲಿ ಕಾಲಂ 750 ಕೆಳಗೆ ಒತ್ತುತ್ತದೆ, ಗೆರೆ ಒಮ್ಮೆಲೇ ಮೈನಸ್ 695ಕ್ಕೆ ಬೀಳುತ್ತದೆ. ಮತ್ತೆ ಅದೇ ಇಳಿಜಾರಿನಲ್ಲಿ ಏರುತ್ತಾ ಸೊನ್ನೆ ದಾಟಿ, ಬಿ ನಡುವಿಗೆ ಬಂದಾಗ 776. ಅಲ್ಲಿ 1,125ರ ಬೀಳು, ಮೈನಸ್ 349. ಕೊನೆಯ 0.95 ಮೀಟರಿನಲ್ಲಿ ಏರಿ ಸೊನ್ನೆಗೆ ಮುಟ್ಟುತ್ತದೆ. ಮುಟ್ಟಲೇಬೇಕು. ಬಲ ತುದಿಯಲ್ಲಿ ಸೊನ್ನೆ ಬರದಿದ್ದರೆ ಭಾರಗಳ ಕೂಡಿಕೆಯಲ್ಲಿ ತಪ್ಪಿದೆ. ಮೂರೂ ತುಂಡುಗಳ ಇಳಿಜಾರು ಒಂದೇ ಇರಬೇಕು. ಸ್ಕೇಲನ್ನು ಸರಿಸಿ ನೋಡಿದರೆ ಸಮಾನಾಂತರ ಗೆರೆಗಳು ಕಾಣಬೇಕು.

ಶಿಯರ್ ಸೊನ್ನೆ ದಾಟುವ ಜಾಗ ಮುಖ್ಯ, ಮೊಮೆಂಟ್ ಅಲ್ಲಿ ಅತಿ ಹೆಚ್ಚು. 750ನ್ನು 367.65ರಿಂದ ಭಾಗಿಸಿದರೆ 2.04 ಮೀಟರ್. ಎರಡು ಕಾಲಂಗಳ ಸರಿ ನಡುವಾದ 2.15ರಲ್ಲಿ ಅಲ್ಲ ಎಂಬುದನ್ನು ಗಮನಿಸಿ. ಮೊಮೆಂಟಿಗೆ ಎಡಭಾಗದ ಬಲಗಳನ್ನು ಹಿಡಿದರೆ ಸಾಕು. ಮೇಲಕ್ಕೆ ಒತ್ತುವ ಮಣ್ಣು ಫುಟಿಂಗಿನ ಕೆಳಮೈಯನ್ನು ಎಳೆಯುತ್ತದೆ, ಅದನ್ನು ಪ್ಲಸ್ ಎನ್ನೋಣ. ಕೆಳಗೆ ಒತ್ತುವ ಕಾಲಂ ಮೇಲ್ಮೈಯನ್ನು ಎಳೆಯುತ್ತದೆ, ಅದು ಮೈನಸ್.

```
M(x) = 367.65 x² / 2 − 750 (x − 0.15)

x (m)    V (kN)        M (kNm)
0.15     +55 / −695    +4
2.04     0             −652.5
4.15     +776 / −349   +166
5.10     0             0
```

ಸೂತ್ರ ಎ ಮತ್ತು ಬಿ ನಡುವಿನ ಭಾಗಕ್ಕೆ ಸಲ್ಲುತ್ತದೆ. ಈ ಅಂಕಿಗಳನ್ನು ನಂಬುವ ಮೊದಲು ಒಂದು ತಾಳೆ ನೋಡುವುದು ನನ್ನ ಅಭ್ಯಾಸ. ಶಿಯರ್ ಚಿತ್ರದ ಕೆಳಗಿನ ಕ್ಷೇತ್ರಫಲವೇ ಮೊಮೆಂಟ್. ಎ ಇಂದ 2.04ರ ತನಕ ಒಂದು ತ್ರಿಕೋನ, ಎತ್ತರ 695, ತಳ 1.89, ಕ್ಷೇತ್ರಫಲ 656.6. ಪ್ಲಸ್ 4ರಿಂದ ಅಷ್ಟು ಇಳಿದರೆ ಮೈನಸ್ 652.5. ಅಲ್ಲಿಂದ ಬಿ ತನಕ ಇನ್ನೊಂದು ತ್ರಿಕೋನ, 776 ಮತ್ತು 2.11, ಕ್ಷೇತ್ರಫಲ 818.4. ಅಷ್ಟು ಹತ್ತಿದರೆ 166. ಬಿ ಆಚೆಯ ಚಾಚನ್ನು ಬಲಗಡೆಯಿಂದ ಬೇರೆಯಾಗಿ ಲೆಕ್ಕ ಹಾಕಿದರೂ 367.65ರ ಅರ್ಧ ಗುಣಿಸು 0.95ರ ವರ್ಗ, ಅದೇ 166. ಎಡದಿಂದ ಬಂದದ್ದೂ ಬಲದಿಂದ ಬಂದದ್ದೂ ಕೂಡಿಕೊಂಡರೆ ಉದ್ದ ಸರಿಯಾಗಿದೆ ಎಂದೇ ಅರ್ಥ. ಫುಟಿಂಗಿನ ನಡು ತಪ್ಪಿದ್ದರೂ ಒತ್ತಡ ಸಮ ಎಂದುಕೊಂಡು ಚಿತ್ರ ಬರೆದವರಿಗೆ ಇಲ್ಲಿ ಎರಡು ಬೇರೆ ಬೇರೆ ಅಂಕಿ ಸಿಗುತ್ತವೆ.

ಮೊಮೆಂಟ್ ಗೆರೆ ಸೊನ್ನೆ ದಾಟುವ ಎರಡು ಜಾಗಗಳನ್ನೂ ಹುಡುಕಿ. ಒಂದು 0.156 ಮೀಟರಿನಲ್ಲಿ, ಅಂದರೆ ಎ ನಡುವನ್ನು ದಾಟಿದ ಕೂಡಲೇ. ಇನ್ನೊಂದು 3.92ರಲ್ಲಿ, ಬಿ ಕಾಲಂನ ಎಡಮೈಗೆ 3 ಸೆಂಟಿಮೀಟರ್ ಕೂಡ ದೂರವಿಲ್ಲ. ಅಲ್ಲಿಗೆ ಕಾಲಂಗಳ ನಡುವಿನ ಇಡೀ ಅಂತರದಲ್ಲಿ ಉದ್ದಕ್ಕೆ ಎಳೆತ ಇರುವುದು ಮೇಲ್ಮೈಯಲ್ಲಿ.

ದಪ್ಪ ಎಷ್ಟಿರಬೇಕು? M25 ಕಾಂಕ್ರೀಟ್, Fe500 ಕಂಬಿ ಎಂದಿಟ್ಟುಕೊಂಡರೆ 652.5ರ ಮೊಮೆಂಟಿಗೆ ಪರಿಣಾಮಕಾರಿ ಆಳ, ಅಂದರೆ ಫುಟಿಂಗಿನ ಕೆಳಮೈಯಿಂದ ಮೇಲಿನ ಕಂಬಿಯ ನಡುವಿನ ತನಕದ ಅಳತೆ, ಸುಮಾರು 330 ಮಿಲಿಮೀಟರ್ ಇದ್ದರೆ ಸಾಕು. ಅಷ್ಟಕ್ಕೇ ನಿಂತರೆ ಶಿಯರ್ ಕೈಕೊಡುತ್ತದೆ. ಕೋಡ್ ಹೇಳುವಂತೆ ಕಾಲಂ ಮೈಯಿಂದ ಪರಿಣಾಮಕಾರಿ ಆಳದಷ್ಟು ದೂರದಲ್ಲಿ ಶಿಯರ್ ನೋಡಬೇಕು. ಆಳ 650 ಎಂದುಕೊಳ್ಳೋಣ. ಬಿ ಎಡಮೈ ಇರುವುದು 3.95ರಲ್ಲಿ, ಅಲ್ಲಿಂದ 0.65 ಹಿಂದೆ 3.30. ಅಲ್ಲಿನ ಶಿಯರ್ 463 ಕಿಲೋನ್ಯೂಟನ್. 1,800 ಅಗಲ, 650 ಆಳಕ್ಕೆ ಹಂಚಿದರೆ ಚದರ ಮಿಲಿಮೀಟರಿಗೆ 0.40 ನ್ಯೂಟನ್. ಕಾಂಕ್ರೀಟ್ ತಡೆಯುವುದು ಕಂಬಿಯ ಪ್ರಮಾಣದ ಮೇಲಿದೆ. ಮೊಮೆಂಟಿಗೆ 20 ಮಿಲಿಮೀಟರಿನ 8 ಕಂಬಿ ಸಾಕು, ಆದರೆ ಅಷ್ಟಕ್ಕೆ ಕಾಂಕ್ರೀಟಿನ ತಡೆ 0.33 ಮಾತ್ರ. 13 ಕಂಬಿ ಹಾಕಿದರೆ 0.41ಕ್ಕೆ ಏರುತ್ತದೆ, ಗೆದ್ದೆವು. ಒಟ್ಟು ದಪ್ಪ 725 ಮಿಲಿಮೀಟರ್ ಇಟ್ಟುಕೊಳ್ಳಬಹುದು. ಕಾಲಂ ಸುತ್ತ ಚುಚ್ಚಿಕೊಂಡು ಹೋಗುವ ಪಂಚಿಂಗ್ ಶಿಯರನ್ನೂ ನೋಡಬೇಕು. ಎ ಕಾಲಂಗೆ ಮೂರೇ ಮಗ್ಗುಲು ಸಿಗುವುದರಿಂದ ಅಲ್ಲಿ ಮೊದಲು ನೋಡಿ. ಈ ದಪ್ಪದಲ್ಲಿ ಅದು ಸುಲಭವಾಗಿ ಪಾಸಾಗುತ್ತದೆ.

ದಪ್ಪ ಹೀಗೆ ಹೆಚ್ಚಿರುವುದರಿಂದ ಇನ್ನೊಂದು ಉಪಕಾರವಿದೆ. ಒತ್ತಡ ಒಂದೇ ಸಮ ಎಂಬ ನಮ್ಮ ಊಹೆ ನಿಲ್ಲುವುದು ಫುಟಿಂಗ್ ಬಾಗದೆ ಒಂದೇ ಕಲ್ಲಿನಂತೆ ಕೂತಾಗ. ತೆಳ್ಳಗಿದ್ದರೆ ಕಾಲಂ ಕೆಳಗೆ ಒತ್ತಡ ಗುಡ್ಡೆಯಾಗುತ್ತದೆ, ನಡುವೆ ಕಡಿಮೆಯಾಗುತ್ತದೆ. ಕಲ್ಲಿನಂತೆ ಕೂತರೂ ಮರಳಿನಲ್ಲಿ ಅಂಚಿನ ಒತ್ತಡ ಕಡಿಮೆ, ಜೇಡಿಯಲ್ಲಿ ಅಂಚಿನಲ್ಲೇ ಹೆಚ್ಚು. ನಾಲ್ಕು ಮೀಟರ್ ಅಂತರದ ಮನೆಗೆ ಸಮ ಎಂಬ ಲೆಕ್ಕ ಸಾಕು. ಉದ್ದನೆಯ, ತೆಳ್ಳನೆಯ, ಹಲವು ಕಾಲಂ ಹೊತ್ತ ಪಟ್ಟಿಗೆ ಸಾಲದು.

ಅಗಲದ ದಿಕ್ಕಿನಲ್ಲಿ ಮಾತ್ರ ಫುಟಿಂಗ್ ಎಂದಿನಂತೆ ಕೆಲಸ ಮಾಡುತ್ತದೆ, ಪ್ರತಿ ಕಾಲಂ ಕೆಳಗೆ ಅಡ್ಡಕ್ಕೆ ಕೆಳಮೈಯಲ್ಲಿ ಕಂಬಿ. ಬಿ ಕೆಳಗೆ ಉದ್ದಕ್ಕೂ ಕೆಳಮೈಯಲ್ಲಿ ಕಂಬಿ ಬೇಕು. ಕಾಲಂ ಮೈಯಲ್ಲಿ ನೋಡಿದರೆ ಅಲ್ಲಿನ ಮೊಮೆಂಟ್ 103 ಅಷ್ಟೆ.

ಕಂಬಿ ಕಟ್ಟುವವರಿಗೆ ಫುಟಿಂಗ್ ಎಂದರೆ ಕೆಳಗಿನ ಜಾಲರಿ. ಇದೇ ಅಳತೆಯ ಫುಟಿಂಗ್ ಇದ್ದ ಒಂದು ಸೈಟಿನಲ್ಲಿ ನಾನು ಹೋಗುವಷ್ಟರಲ್ಲಿ 20 ಮಿಲಿಮೀಟರಿನ ಕಂಬಿಗಳೆಲ್ಲ ನೀಟಾಗಿ ಕವರ್ ಬ್ಲಾಕ್ ಮೇಲೆ, ಕೆಳಗೆ ಮಲಗಿದ್ದವು. ಮೇಲೆ ನಾಲ್ಕು ತೆಳು ಕಂಬಿ. ಎಣಿಕೆ ಸರಿ, ಅಂತರ ಸರಿ, ಜಾಗ ತಪ್ಪು. ಮೇಸ್ತ್ರಿಗೆ ಹಾಳೆ ತೋರಿಸಿದರೆ, "ಭಾರ ಮೇಲಿಂದ ಬರ್ತದಲ್ಲ ಸಾರ್, ಕಂಬಿ ಕೆಳಗಿರಬೇಕಲ್ವಾ?" ಎಂದರು. ಕೇಳಿದ್ದು ತಪ್ಪೇನಲ್ಲ, ಅವರು ಜೀವಮಾನವೆಲ್ಲ ಕಟ್ಟಿದ ಬಿಡಿ ಫುಟಿಂಗುಗಳಲ್ಲಿ ಅದೇ ಸರಿ. ಅಲ್ಲೇ ಬಿದ್ದಿದ್ದ ಒಂದು ಸೆಂಟ್ರಿಂಗ್ ಹಲಗೆಯನ್ನು ತೆಗೆದುಕೊಂಡು, ಎರಡು ಕಡೆ ಅವರಿಗೆ ಅಂಗೈಯಿಂದ ಒತ್ತಲು ಹೇಳಿ, ನಾನು ನಡುವೆ ಕೆಳಗಿನಿಂದ ತಳ್ಳಿದೆ. ಹಲಗೆ ಮೇಲಕ್ಕೆ ಉಬ್ಬಿತು. ಬಿರುಕು ಬರುವುದಾದರೆ ಎಲ್ಲಿ ಬರುತ್ತದೆ ಎಂದು ಕೇಳಿದೆ. ಅವರು ಮಾತಾಡದೆ ಬೆರಳನ್ನು ಮೇಲ್ಮೈಯ ಮೇಲಿಟ್ಟರು.

ಅವತ್ತು ಅರ್ಧ ದಿನ ಬಿಚ್ಚಿ ಕಟ್ಟಿದರು. 13 ಕಂಬಿ ಮೇಲಕ್ಕೆ ಹೋದ ಮೇಲೆ ಅವುಗಳನ್ನು ಹೊರಲು ಚೇರ್ ಕಂಬಿ ಬೇಕಾಯಿತು, 12 ಮಿಲಿಮೀಟರಿನದು, ಮೀಟರಿಗೊಂದರಂತೆ. ಕಾಂಕ್ರೀಟ್ ಹಾಕುವ ಹುಡುಗರು ಜಾಲರಿಯ ಮೇಲೆ ಓಡಾಡಿದಾಗ ಅದು ಕುಸಿಯುತ್ತಿದೆಯೇ ಎಂದು ನೋಡಲು ಒಮ್ಮೆ ನಾನೇ ಹತ್ತಿ ನಡೆದೆ. ಎ ಕಡೆಯಿಂದ 2 ಮೀಟರ್ ಹೋಗಿ, ಮೊಮೆಂಟ್ ಅತಿ ಹೆಚ್ಚಿರುವ ಜಾಗದಲ್ಲಿ ನಿಂತು, ಟೇಪ್ ಇಳಿಸಿ ಪಿಸಿಸಿಯಿಂದ ಕಂಬಿಯ ನಡುವಿಗೆ ಅಳೆದೆ. 655 ಬಂತು.